ಒಂದೇ ಸಂದೇಶ, ಹದಿನಾಲ್ಕು ಮನೆಯ ಮೆಣಸಿನಕಾಯಿ

ಸಂಕ್ರಾಂತಿ ಕಳೆದು ಬಿಸಿಲು ಸ್ವಲ್ಪ ಚುರುಕಾಗುತ್ತಿದ್ದ ಹಾಗೆ ನಿಮ್ಮ ಮನೆಯಲ್ಲೂ ವರ್ಷದ ಸಾರಿನಪುಡಿಯ ಮಾತು ಶುರುವಾಗಿರುತ್ತದೆ. ತೊಗರಿಯ ಸುಗ್ಗಿ ಮುಗಿದು ಹೊಸ ಬೇಳೆ ಮಂಡಿಗೆ ಬರುವುದೂ, ಬ್ಯಾಡಗಿಯ ಪೇಟೆಯಲ್ಲಿ ಮೆಣಸಿನಕಾಯಿ ಚೀಲಗಳು ಸಾಲುಗಟ್ಟುವುದೂ ಇದೇ ದಿನಗಳಲ್ಲಿ. ಅಂಗಡಿಯಿಂದ ಕಾಲು ಕಿಲೋ, ಅರ್ಧ ಕಿಲೋ ಪೊಟ್ಟಣ ತರುವುದಕ್ಕಿಂತ ನಾಲ್ಕಾರು ಮನೆಯವರು ಸೇರಿ ಚೀಲವನ್ನೇ ತಂದು ಹಂಚಿಕೊಂಡರೆ ಕೈಗೆ ಅಷ್ಟಿಷ್ಟು ಉಳಿಯುತ್ತದೆ, ಮಾಲೂ ಒಂದೇ ಸಮ ಸಿಗುತ್ತದೆ ಎಂಬುದು ನಮ್ಮ ಅತ್ತೆಯರ ಕಾಲದಿಂದಲೂ ಗೊತ್ತಿರುವ ಸಂಗತಿ. ಅವರು ನೋಟುಬುಕ್ಕು ಹಿಡಿದು ಮನೆಮನೆಗೆ ಹೋಗಿ, ಕಾಫಿ ಕುಡಿದು, ಪಟ್ಟಿ ಬರೆದುಕೊಂಡು ಬರುತ್ತಿದ್ದರು. ನಾವೀಗ ಬೀದಿಯ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಹಾಕುತ್ತೇವೆ. ಕಾಫಿ ಉಳಿಯಿತು, ಸರಿ. ಆದರೆ ಆ ಸಂದೇಶವನ್ನು ಅರ್ಧಂಬರ್ಧ ಬರೆದು ಹಾಕಿದರೆ ಆಗುವ ರಾಮಾಯಣ ಮನೆಮನೆ ತಿರುಗಿದ್ದಕ್ಕಿಂತ ದೊಡ್ಡದು.

"ಬ್ಯಾಡಗಿ ಮೆಣಸಿನಕಾಯಿ ತರಿಸ್ತಿದೀವಿ, ಯಾರಿಗೆಲ್ಲ ಬೇಕು?" ಎಂದು ಒಂದೇ ಸಾಲು ಹಾಕಿ ನೋಡಿ. ಮೊದಲು ಬರುವುದು "ನನಗೂ ಒಂದು." ಒಂದು ಎಂದರೇನು? ಒಂದು ಕಿಲೋನೋ, ಒಂದು ಚೀಲವೋ? ಇನ್ನೊಬ್ಬರು "ರೇಟೆಷ್ಟು?" ಅಂತ. ಮತ್ತೊಬ್ಬರು ಬರೇ ಹೆಬ್ಬೆರಳು. ಆ ಹೆಬ್ಬೆರಳಿಗೆ ಬೇಕು ಎಂದು ಅರ್ಥವೋ, ಓದಿದೆ ಎಂದು ಅರ್ಥವೋ ಆ ದೇವರೇ ಹೇಳಬೇಕು. ಇದರ ಮಧ್ಯೆ ಯಾರೋ ಹೂವಿನ ಚಿತ್ರದ ಶುಭೋದಯ ಕಳಿಸಿ, ಕೆಳಗೆ ಹತ್ತು ಜನ ಅವರಿಗೆ ಶುಭೋದಯ ಹೇಳಿ, ಮೆಣಸಿನಕಾಯಿ ಎಲ್ಲೋ ಮೇಲೆ ಹೂತುಹೋಗಿರುತ್ತದೆ.

ನಮ್ಮದು ಶಿವಮೊಗ್ಗ ಜಿಲ್ಲೆಯ ಒಂದು ತಾಲ್ಲೂಕು ಊರು. ನಮ್ಮ ಬೀದಿಯ ಹದಿನಾಲ್ಕು ಮನೆಗಳಿಗೆ 2025ರ ಫೆಬ್ರವರಿಯಲ್ಲಿ ನಾನು ತರಿಸಿ ಹಂಚಿದ ಮೆಣಸಿನಕಾಯಿ ಮತ್ತು ತೊಗರಿಬೇಳೆಯ ಲೆಕ್ಕವನ್ನೇ ನಿಮ್ಮ ಮುಂದಿಡುತ್ತೇನೆ. ಫೆಬ್ರವರಿ 16ರ ಭಾನುವಾರ ರಾತ್ರಿ, ಎಲ್ಲರ ಮನೆಯಲ್ಲೂ ಊಟವಾಗಿರುವ ಹೊತ್ತಿಗೆ ಗುಂಪಿಗೆ ಹಾಕಿದ ಸಂದೇಶ ಇದು:

"ಬ್ಯಾಡಗಿ ಮೆಣಸಿನಕಾಯಿ ಮತ್ತು ತೊಗರಿಬೇಳೆ. ಶಿವರಾತ್ರಿಗೆ ಮುಂಚೆ.

ಮೆಣಸಿನಕಾಯಿ: ಬ್ಯಾಡಗಿ ಕಡ್ಡಿ, ತೊಟ್ಟು ಸಹಿತ. ಕಿಲೋಗೆ ಹೆಚ್ಚೆಂದರೆ 330 ರೂಪಾಯಿ. ಒಂದು ಕಿಲೋದಿಂದ ಮೇಲೆ. ಒಟ್ಟು 25 ಕಿಲೋ ಆಗದಿದ್ದರೆ ತರಿಸುವುದಿಲ್ಲ.

ತೊಗರಿಬೇಳೆ: ಹೊಸದು, 50 ಕಿಲೋ ಚೀಲ ಒಡೆದು ಹಂಚುವುದು. ಕಿಲೋಗೆ ಹೆಚ್ಚೆಂದರೆ 125 ರೂಪಾಯಿ. ಒಂದು ಕಿಲೋದಿಂದ ಮೇಲೆ. 40 ಕಿಲೋ ಆಗದಿದ್ದರೆ ತರಿಸುವುದಿಲ್ಲ.

ಆರ್ಡರು: 19ನೇ ತಾರೀಖು ಬುಧವಾರ ರಾತ್ರಿ 8ರೊಳಗೆ, ಈ ಸಂದೇಶಕ್ಕೇ ಉತ್ತರವಾಗಿ, ಹೀಗೆ ಬರೆಯಿರಿ: ಮನೆ, ಮೆಣಸಿನಕಾಯಿ ಎಷ್ಟು ಕಿಲೋ, ಬೇಳೆ ಎಷ್ಟು ಕಿಲೋ. ನಿಮ್ಮ ಸಾಲು ಮಾತ್ರ ಬರೆಯಿರಿ. ಪಟ್ಟಿ ನಾನು ಮಾಡುತ್ತೇನೆ.

ಹಣ: 20ನೇ ತಾರೀಖು ಗುರುವಾರ ಸಂಜೆ 6ರೊಳಗೆ. ಫೋನಿನಲ್ಲಾದರೆ ಕೆಳಗಿನ ಕ್ಯೂಆರ್‌ಗೆ, ಟಿಪ್ಪಣಿಯಲ್ಲಿ ಮನೆಯ ಹೆಸರು ಹಾಕಿ. ನಗದಾದರೆ ನಮ್ಮ ಮನೆಯಲ್ಲಿ ಸಂಜೆ 4ರಿಂದ 6. ಹಣ ತಲುಪಿದ ಮೇಲೆ ಆರ್ಡರು ಖಾಯಂ. ಧಾರಣೆ ಇನ್ನೂ ಕಡಿಮೆ ಸಿಕ್ಕರೆ ಮಿಕ್ಕಿದ್ದನ್ನು ಸಾಮಾನಿನ ಜೊತೆ ವಾಪಸು ಕೊಡುತ್ತೇನೆ. ಹೆಚ್ಚಾದರೆ ತರುವುದಿಲ್ಲ, ಶನಿವಾರ ಪೂರ್ತಿ ಹಣ ವಾಪಸು.

ಒಯ್ಯುವುದು: 23ನೇ ತಾರೀಖು ಭಾನುವಾರ ಮಧ್ಯಾಹ್ನ 3ರಿಂದ 4.30, ನಮ್ಮ ಮನೆಯ ಜಗುಲಿಯಲ್ಲಿ. ಚೀಲ ತನ್ನಿ. ಎರಡು ಕಿಲೋ ಮೆಣಸಿನಕಾಯಿಗೆ ದೊಡ್ಡ ಬಟ್ಟೆಚೀಲವೇ ಬೇಕು. ಬರಲಾಗದವರು ಯಾರ ಕೈಲಿ ಕೊಡಬೇಕೆಂದು ಮೊದಲೇ ತಿಳಿಸಿ."

ಇಷ್ಟುದ್ದವೇ ಎಂದು ನಿಮಗನ್ನಿಸಬಹುದು. ನಮ್ಮ ಬೀದಿಯ ಟೀಚರಮ್ಮನವರೂ "ಏನ್ರೀ ಇದು, ಸರ್ಕಾರಿ ಟೆಂಡರ್ ಹಾಗಿದೆ" ಅಂತ ನಕ್ಕರು. ನಗಲಿ ಬಿಡಿ. ಆ ಸಂದೇಶದ ಆಮೇಲೆ ನನಗೆ ಒಂದೇ ಒಂದು ಪ್ರಶ್ನೆ ಬಂತು. ಅದೂ ಮೆಣಸಿನಕಾಯಿ ಖಾರವೋ ಅಲ್ಲವೋ ಎಂಬುದು. ಅದಕ್ಕೆ ಉತ್ತರ ನಿಮಗೂ ಗೊತ್ತು. ಬ್ಯಾಡಗಿ ಬಣ್ಣಕ್ಕೆ, ಖಾರ ಬೇಕಾದವರು ಒಂದು ಹಿಡಿ ಗುಂಟೂರು ಸೇರಿಸಿಕೊಳ್ಳಬೇಕು.

ಮೆಣಸಿನಕಾಯಿ ಎಂದಷ್ಟೇ ಬರೆಯದೆ "ಕಡ್ಡಿ" ಎಂದು ಬರೆದದ್ದಕ್ಕೆ ಕಾರಣವಿದೆ. ಬ್ಯಾಡಗಿಯಲ್ಲೇ ಕಡ್ಡಿ, ಡಬ್ಬಿ ಎಂದು ಎರಡು ಜಾತಿ. ಕಡ್ಡಿ ಉದ್ದಕ್ಕೆ, ತೆಳ್ಳಗೆ, ಮೈತುಂಬ ಸುಕ್ಕು, ಬೀಜ ಕಡಿಮೆ. ಡಬ್ಬಿ ಗಿಡ್ಡ, ದುಂಡಗೆ, ಬೀಜ ಹೆಚ್ಚು. ಅದಲ್ಲದೆ ಬ್ಯಾಡಗಿಯ ಪೇಟೆಗೆ ಬಳ್ಳಾರಿ, ರಾಯಚೂರು ಕಡೆಯಿಂದಲೂ, ಆಂಧ್ರದ ಕಡೆಯಿಂದಲೂ ಬೇರೆ ಜಾತಿಯ ಕಾಯಿ ಬರುತ್ತದೆ. ಬ್ಯಾಡಗಿಯಲ್ಲಿ ಕೊಂಡದ್ದೆಲ್ಲ ಕಡ್ಡಿಯಲ್ಲ. ಸಾಮಾನಿನ ಪೂರ್ತಿ ಹೆಸರು ಬರೆದಿದ್ದರೆ ಚೀಲ ಬಿಚ್ಚಿದ ಮೇಲೆ "ನಾನು ಅಂದುಕೊಂಡದ್ದು ಇದಲ್ಲ" ಎನ್ನುವ ಮಾತು ಬರುವುದಿಲ್ಲ. ಫೋಟೋ ಹಾಕುವವರೂ ಇದ್ದಾರೆ. ನನಗೇಕೋ ಅದರ ಮೇಲೆ ಭರವಸೆ ಇಲ್ಲ. ಈ ಫೋನುಗಳಲ್ಲಿ ಮೆಣಸಿನಕಾಯಿ ಯಾವಾಗಲೂ ಇದ್ದದ್ದಕ್ಕಿಂತ ಕೆಂಪಗೇ ಕಾಣುತ್ತದೆ.

ಅಳತೆಯೂ ಅಷ್ಟೇ. ಕಿಲೋ ಎಂದು ಒತ್ತಿ ಬರೆಯಬೇಕು. ಮೂಲೆಮನೆಯ ಅಜ್ಜಿ ಇವತ್ತಿಗೂ "ನಂಗೆ ಎರಡು ಸೇರು ಬೇಳೆ ಹಾಕ್ಸು ಮಗಾ" ಅಂತಲೇ ಹೇಳುವುದು. ಸೇರು ತುಂಬಿ ಅಳೆಯುವ ಮಾತು, ತೂಕದ್ದಲ್ಲ. ಅಕ್ಕಿಗೆ ಒಂದು ತೂಗಿದರೆ ಬೇಳೆಗೆ ಇನ್ನೊಂದು. ಚೀಲ ಎಂಬ ಮಾತೂ ನಂಬುವ ಹಾಗಿಲ್ಲ. ಅಕ್ಕಿಚೀಲ ಎಂದರೆ 25 ಕಿಲೋ ಎಂದು ನಮಗೆಲ್ಲ ರೂಢಿಯಾಗಿತ್ತಷ್ಟೆ. 2022ರ ಜುಲೈನಲ್ಲಿ 25 ಕಿಲೋವರೆಗಿನ ಲೇಬಲ್ ಹಚ್ಚಿದ ಪೊಟ್ಟಣಗಳಿಗೆ ಶೇಕಡಾ 5 ಜಿಎಸ್‌ಟಿ ಬಂದಮೇಲೆ ಮಿಲ್ಲಿನವರು ಒಂದು ಕಿಲೋ ಹೆಚ್ಚು ತುಂಬಿ 26 ಕಿಲೋ ಚೀಲ ಮಾಡಿಬಿಟ್ಟರು. "ಅರ್ಧ ಚೀಲ" ಎಂದು ಆರ್ಡರು ಕೊಟ್ಟವರಿಗೆ ಹನ್ನೆರಡೂವರೆಯೋ ಹದಿಮೂರೋ ಎಂದು ಜಗಳವಾಗುವುದು ಹೀಗೆ.

ಇನ್ನು ಪಟ್ಟಿಯ ವಿಷಯ. ಬಹಳ ಗುಂಪುಗಳಲ್ಲಿ ಒಂದು ಪದ್ಧತಿ ಇದೆ. ನೀವೂ ನೋಡಿರುತ್ತೀರಿ. ಮೊದಲನೆಯವರು ತಮ್ಮ ಹೆಸರು ಬರೆಯುತ್ತಾರೆ, ಎರಡನೆಯವರು ಅದನ್ನೇ ನಕಲು ಮಾಡಿ ಕೆಳಗೆ ತಮ್ಮದು ಸೇರಿಸುತ್ತಾರೆ, ಮೂರನೆಯವರು ಆ ಎರಡನ್ನೂ ನಕಲು ಮಾಡಿ... ನೋಡಲು ಚೆನ್ನ. ಆದರೆ ಐದು ಹೆಸರಿನ ಪಟ್ಟಿಯನ್ನು ಇಬ್ಬರು ಒಂದೇ ಹೊತ್ತಿಗೆ ಎತ್ತಿಕೊಂಡರೆನ್ನಿ, ಒಬ್ಬರ ಪಟ್ಟಿಯಲ್ಲಿ ಡೇರಿ ಮನೆ ಆರನೆಯದು, ಇನ್ನೊಬ್ಬರ ಪಟ್ಟಿಯಲ್ಲಿ ಟೀಚರಮ್ಮನ ಮನೆ ಆರನೆಯದು. ಏಳನೆಯವರು ಯಾವುದಾದರೂ ಒಂದನ್ನು ಎತ್ತಿಕೊಂಡು ಮುಂದುವರಿಸುತ್ತಾರೆ, ಇನ್ನೊಂದು ಮನೆ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಹಿಂದಿನ ಬೀದಿಯಲ್ಲಿ ಹೀಗೇ ಒಬ್ಬರ ಐದು ಕಿಲೋ ಕಡಲೆಬೇಳೆ ಬಿದ್ದುಹೋಗಿ, ಹಂಚುವ ದಿನ ಅವರು ಖಾಲಿ ಡಬ್ಬ ಹಿಡಿದುಕೊಂಡು ಬಂದು ನಿಂತಿದ್ದರಂತೆ. ಅದಕ್ಕೇ "ನಿಮ್ಮ ಸಾಲು ಮಾತ್ರ ಬರೆಯಿರಿ" ಎಂದದ್ದು. ಪ್ರತಿದಿನ ರಾತ್ರಿ ನಾನೊಬ್ಬಳೇ ಪಟ್ಟಿ ಕಟ್ಟಿ ಗುಂಪಿಗೆ ಹಾಕುತ್ತೇನೆ, ಕೆಳಗೆ ಒಟ್ಟು ಕಿಲೋ ಎಷ್ಟಾಯಿತೆಂದೂ ಬರೆಯುತ್ತೇನೆ. ಒಟ್ಟು ಕಾಣುತ್ತಿದ್ದರೆ, "ಇನ್ನು ನಾಲ್ಕು ಕಿಲೋ ಆದ್ರೆ ಚೀಲ ಆಗತ್ತೆ" ಎಂದು ಯಾರಾದರೊಬ್ಬರು ತಾವೇ ಒಂದು ಕಿಲೋ ಹೆಚ್ಚಿಸಿಕೊಳ್ಳುತ್ತಾರೆ.

ಮೊದಲ ಸಂದೇಶವನ್ನು ಗುಂಪಿನ ಮೇಲ್ಗಡೆ ಪಿನ್ ಮಾಡಿಡಿ, ಶುಭೋದಯಗಳ ಕೆಳಗೆ ಅದು ಮುಳುಗುವುದಿಲ್ಲ. ಏನಾದರೂ ತಿದ್ದಬೇಕಾದರೆ ಕಳಿಸಿದ ಹದಿನೈದು ನಿಮಿಷದೊಳಗೆ ಮಾತ್ರ ತಿದ್ದಲು ಬರುತ್ತದೆ. ಆಮೇಲೆ ಬೆಲೆಯೋ ವೇಳೆಯೋ ಬದಲಾದರೆ "ಬೆಲೆ ಬದಲಾಗಿದೆ" ಎಂಬ ತುಂಡು ಸಾಲು ಹಾಕಬೇಡಿ. ಇಡೀ ಸಂದೇಶವನ್ನೇ ಹೊಸದಾಗಿ, ತಲೆಯ ಮೇಲೆ "ತಿದ್ದಿದ್ದು" ಎಂದು ಬರೆದು ಹಾಕಿ, ಹಳೆಯದನ್ನು ಅಳಿಸಿಬಿಡಿ. ತುಂಡು ಸಾಲು ಓದುವವರು ಬೇರೆ, ಮೊದಲ ಸಂದೇಶ ಓದುವವರು ಬೇರೆ.

ಈಗ ಹಣದ ಮಾತು. ಇದೇ ಮುಖ್ಯವಾದದ್ದು, ಇಲ್ಲೇ ಅಕ್ಕಪಕ್ಕದ ಮನೆಗಳು ಮುನಿಸಿಕೊಳ್ಳುವುದು.

ಸಾಮಾನ್ಯವಾಗಿ ಏನು ಮಾಡುತ್ತಾರೆ? ಅಂದಾಜು ಬೆಲೆ ಹೇಳುತ್ತಾರೆ, ಸಾಮಾನು ತರುತ್ತಾರೆ, ಆಮೇಲೆ "ಕಿಲೋಗೆ 20 ರೂಪಾಯಿ ಜಾಸ್ತಿ ಆಯ್ತು, ಕೊಡಿ" ಎಂದು ಕೇಳುತ್ತಾರೆ. 40 ರೂಪಾಯಿಗಾಗಿ ನೆರೆಮನೆಯವರ ಬಾಗಿಲು ತಟ್ಟುವುದು ಎಂಥ ಕಷ್ಟ ನೋಡಿ. ಕೇಳಿದರೆ ಜುಗ್ಗಿ ಎನ್ನಿಸಿಕೊಳ್ಳಬೇಕು, ಕೇಳದಿದ್ದರೆ ಹದಿನಾಲ್ಕು ಮನೆಯದು ಸೇರಿ ಕೈಯಿಂದ ಐನೂರು ಆರುನೂರು ಹೋಗಬೇಕು. ಅದಕ್ಕೇ ನಾನು ಅಂದಾಜು ಬೆಲೆ ಹೇಳುವುದಿಲ್ಲ, "ಇದಕ್ಕಿಂತ ಹೆಚ್ಚಿಲ್ಲ" ಎಂಬ ಬೆಲೆಯನ್ನು ಹೇಳಿ ಅದನ್ನೇ ಮುಂಗಡವಾಗಿ ತೆಗೆದುಕೊಳ್ಳುತ್ತೇನೆ. ಕೊನೆಗೆ ಏನಿದ್ದರೂ ನನ್ನ ಕೈಯಿಂದ ಅವರ ಕೈಗೆ ಹೋಗಬೇಕಾದದ್ದೇ ಹೊರತು ಅವರ ಕೈಯಿಂದ ನನಗೆ ಬರಬೇಕಾದದ್ದಲ್ಲ. ಚಿಲ್ಲರೆ ವಾಪಸು ಕೊಡುವುದು ಕಷ್ಟವೇ ಅಲ್ಲ. ಕೊಟ್ಟಾಗ ಎಲ್ಲರ ಮುಖದಲ್ಲೂ ಒಂದು ನಗು.

ಆ ಮೇಲ್ಬೆಲೆಯನ್ನು ಮನಸ್ಸಿಗೆ ಬಂದ ಹಾಗೆ ಇಡಬಾರದು. ಮೆಣಸಿನಕಾಯಿಯ ಧಾರಣೆ ಒಂದು ವಾರ ಇದ್ದ ಹಾಗೆ ಇನ್ನೊಂದು ವಾರ ಇರುವುದಿಲ್ಲ. ಬ್ಯಾಡಗಿಯಲ್ಲಿ ಸೋಮವಾರ, ಗುರುವಾರ ಟೆಂಡರು. 2024ರ ಮಾರ್ಚ್ 11ರ ಸೋಮವಾರ ಧಾರಣೆ ಕುಸಿಯಿತೆಂದು ರೈತರು ರೊಚ್ಚಿಗೆದ್ದು ಎಪಿಎಂಸಿ ಕಚೇರಿಯ ಮುಂದಿನ ವಾಹನಗಳಿಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬಹುದು. ಟೆಂಡರಿನಲ್ಲಿ ನಾವು ನೀವು ಕೊಳ್ಳುವ ಹಾಗಿಲ್ಲ, ಅದು ಲೈಸೆನ್ಸ್ ಇರುವ ವರ್ತಕರಿಗೆ. ನಮಗೆ ಅವರ ಅಂಗಡಿಯೇ ಗತಿ. ಸಂದೇಶ ಬರೆಯುವ ಮೊದಲು ಅಂಗಡಿಗೆ ಫೋನು ಮಾಡಿ ಆ ವಾರದ ಬೆಲೆ ಕೇಳಿದೆ. ಕಿಲೋಗೆ 290ರ ಸುಮಾರು ಅಂದರು. ಅದರ ಮೇಲೆ ಸಾಗಾಣಿಕೆ, ತೂಕದ ನಷ್ಟ, ಗುರುವಾರದ ಟೆಂಡರಿನಲ್ಲಿ ಸ್ವಲ್ಪ ಏರಿದರೆ ಅದಕ್ಕೂ ಇರಲಿ ಎಂದು 330 ಬರೆದೆ.

ಗಡುವು ಗುರುವಾರಕ್ಕೆ ಇಟ್ಟದ್ದು ಏಕೆಂದರೆ ಶುಕ್ರವಾರ ಸಂಜೆ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಎಷ್ಟೋ ಮನೆಯವರು ಹಣ ಆಚೆ ಕೊಡುವುದಿಲ್ಲ. ಅವರ ನಂಬಿಕೆ ಅವರಿಗೆ. ಗಡುವು ಒಂದು ದಿನ ಹಿಂದಿಟ್ಟರೆ ನಮ್ಮ ಗಂಟೇನೂ ಹೋಗುವುದಿಲ್ಲ. ಒಯ್ಯುವ ವೇಳೆಯೂ ಹಾಗೆಯೇ. ಭಾನುವಾರ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. "4ರಿಂದ 6" ಎಂದು ಬರೆದಿದ್ದರೆ ಅರ್ಧ ಬೀದಿ ನಾಲ್ಕೂ ಕಾಲಿಗೇ ನುಗ್ಗುತ್ತಿತ್ತು, ಇನ್ನರ್ಧ ಆರರ ಮೇಲೆ ಬರುತ್ತಿತ್ತು.

ಫೋನಿನಲ್ಲಿ ಹಣ ಬಂದಾಗ ಇನ್ನೊಂದು ಗೋಜು. ಆರ್ಡರು ಕೊಟ್ಟವರು ಡೇರಿ ಮನೆಯ ಅಕ್ಕ, ಹಣ ಬರುವುದು ಬೆಂಗಳೂರಿನಲ್ಲಿರುವ ಅವರ ಮಗನ ಖಾತೆಯಿಂದ. ಪರದೆಯ ಮೇಲೆ ಕಾಣುವುದು ನಾನು ಕೇಳೇ ಇಲ್ಲದ ಹೆಸರು. ಟಿಪ್ಪಣಿಯಲ್ಲಿ ಮನೆಯ ಹೆಸರು ಹಾಕಿ ಎಂದದ್ದು ಇದಕ್ಕೇ. "ಕಳಿಸಿದೀವಿ" ಎಂದು ಹಾಕುವ ಸ್ಕ್ರೀನ್‌ಶಾಟನ್ನು ನೋಡಿ ಗುರುತು ಹಾಕಿಕೊಳ್ಳಬೇಡಿ. ನಿಮ್ಮ ಖಾತೆಯಲ್ಲೇ ನೋಡಿ. ಮೋಸವೇ ಇರಬೇಕೆಂದಿಲ್ಲ, ನೆಟ್‌ವರ್ಕ್ ಕೈಕೊಟ್ಟು ನಡುವೆ ನಿಂತಿರುವ ಹಣವೂ ಇರುತ್ತದೆ. ನಗದು ಕೊಟ್ಟವರ ಹೆಸರನ್ನು ಅವರೆದುರೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳಿ.

ಆದರೆ ಒಂದು ಕೆಲಸ ದಯವಿಟ್ಟು ಮಾಡಬೇಡಿ. ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬ ಪಟ್ಟಿಯನ್ನು ಗುಂಪಿಗೆ ಹಾಕಬೇಡಿ. ನನಗೆ ಪರಿಚಯದ ಒಂದು ಬಡಾವಣೆಯಲ್ಲಿ ಸಾಮಾನು ಮೊದಲು, ಹಣ ಆಮೇಲೆ ಎಂಬ ಪದ್ಧತಿ ಇತ್ತು. ತರಿಸಿದಾಕೆಗೂ ಸಾಕಾಗಿ ಒಂದು ದಿನ "ಬಾಕಿ ಇರುವವರು" ಎಂದು ಮೂರು ಹೆಸರು ಹಾಕಿದರು. ಅದರಲ್ಲಿ ಒಬ್ಬಾಕೆಯ ಯಜಮಾನರಿಗೆ ಮೂರು ತಿಂಗಳಿಂದ ಸಂಬಳವಾಗಿರಲಿಲ್ಲ. ಅದು ಯಾರಿಗೂ ಗೊತ್ತಿರಲಿಲ್ಲ, ಆಕೆ ಹೇಳಿಕೊಂಡಿರಲೂ ಇಲ್ಲ. ಬಾಕಿ 480 ರೂಪಾಯಿ. ಮಾರನೆಯ ದಿನ ಬೆಳಗ್ಗೆ ದುಡ್ಡು ತಂದು ಕೊಟ್ಟು, ಗುಂಪಿನಿಂದ ಹೊರಗೆ ಹೋದರು. ಆಮೇಲೆ ರಂಗೋಲಿ ಹಾಕಲು ಬಾಗಿಲಿಗೆ ಬಂದರೂ ಎದುರುಮನೆಯ ಕಡೆ ತಲೆ ಎತ್ತುತ್ತಿರಲಿಲ್ಲವಂತೆ. ಹತ್ತು ವರ್ಷದ ಒಡನಾಟ. ಹಣ ತಲುಪಿದ ಮೇಲೆಯೇ ಆರ್ಡರು ಎಂಬ ಸಾಲು ಕಠಿಣವಾಗಿ ಕಂಡರೂ, ಅದಿದ್ದಲ್ಲಿ ಬಾಕಿ ಎಂಬುದೇ ಹುಟ್ಟುವುದಿಲ್ಲ. ಗುರುವಾರದೊಳಗೆ ಕೊಡಲಾಗದವರು ಸುಮ್ಮನೆ ಪಟ್ಟಿಯಲ್ಲಿ ಇರುವುದಿಲ್ಲ ಅಷ್ಟೆ. "ಈ ಸಲ ಮನೇಲಿ ಇದೆ ಕಣ್ರೀ" ಅಂದರೆ ಮುಗಿಯಿತು.

ಕೊಡಲಾಗದಿದ್ದರೂ ಬೇಕು ಎನ್ನುವವರು? ಇದ್ದಾರೆ. ಅದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಮೂಲೆಮನೆಯ ಅಜ್ಜಿಗೆ ಪಿಂಚಣಿ ಬಂದ ದಿನವೇ ಕೈಯಲ್ಲಿ ಕಾಸು. ಅವರ ಎರಡು ಕಿಲೋ ಬೇಳೆಯ ಹಣ ನಾನೇ ಹಾಕಿ, ಅದು ನನಗೂ ಅವರಿಗೂ ಬಿಟ್ಟು ಇನ್ನೊಬ್ಬರಿಗೆ ತಿಳಿಯದ ಹಾಗೆ ನೋಡಿಕೊಂಡೆ. ಹೀಗೆ ಒಂದು ಮನೆಗೆ ಮಾಡಬಹುದು, ನಾಲ್ಕು ಮನೆಗೆ ಮಾಡಲಾಗುವುದಿಲ್ಲ. ತಿಂಗಳುಗಟ್ಟಲೆ ಉದ್ರಿ ಬರೆದುಕೊಳ್ಳುವುದು ಬೀದಿಯ ಕೊನೆಯ ಕಿರಾಣಿ ಅಂಗಡಿಯವರೇ. ಅದೇ ಕಾರಣಕ್ಕೆ ತಿಂಗಳ ಸಾಮಾನನ್ನೆಲ್ಲ ಗುಂಪಿನಲ್ಲಿ ತರಿಸುವುದು ನನಗೆ ಒಪ್ಪಿಗೆಯಿಲ್ಲ. ವರ್ಷಕ್ಕೊಮ್ಮೆ ಕೊಳ್ಳುವ ಮೆಣಸಿನಕಾಯಿ, ಬೇಳೆ, ಹುಣಸೆಹಣ್ಣು, ಇಷ್ಟು ಸಾಕು. ಸಕ್ಕರೆ, ಎಣ್ಣೆ, ಸೋಪುಗಳನ್ನೂ ಸಗಟಿನಲ್ಲಿ ತಂದುಬಿಟ್ಟರೆ ಆ ಅಂಗಡಿಯವರು ಯಾರ ವ್ಯಾಪಾರದಿಂದ ಅಜ್ಜಿಗೆ ಉದ್ರಿ ಕೊಡಬೇಕು?

ನಮ್ಮ ಲೆಕ್ಕಕ್ಕೆ ಬರೋಣ. ಗುರುವಾರ ಸಂಜೆಯ ಹೊತ್ತಿಗೆ ಮೆಣಸಿನಕಾಯಿ 30 ಕಿಲೋ, ಬೇಳೆ 46 ಕಿಲೋ ಆಯಿತು. ಶುಕ್ರವಾರ ನನ್ನ ಅಣ್ಣನ ಮಗ ಬ್ಯಾಡಗಿಗೆ ಹೋಗಿ 32 ಕಿಲೋ ಮೆಣಸಿನಕಾಯಿ ತಂದ. 30ಕ್ಕೆ 32 ಏಕೆ ಎನ್ನುತ್ತೀರಾ? ಮೆಣಸಿನಕಾಯಿ ತೂಕ ಬಿಡುವ ಸಾಮಾನು. ಪೇಟೆಯಲ್ಲಿ ತೇವದ ಮೇಲೆ ತೂಗಿದ್ದು ಮನೆಯ ಬಿಸಿಲಲ್ಲಿ ಒಂದು ದಿನ ಒಣಗಿದರೆ ಇಳಿಯುತ್ತದೆ, ಕೆಳಗೆ ಧೂಳು, ಉದುರಿದ ಬೀಜ, ಮುರಿದ ತೊಟ್ಟು ಬೇರೆ. ಆರ್ಡರು ಬಂದಷ್ಟೇ ತಂದರೆ ಕೊನೆಯಲ್ಲಿ ಬಂದವರಿಗೆ ಕಾಲು ಕಿಲೋ ಕಡಿಮೆ ಬೀಳುವುದು ಖಂಡಿತ. ಹುಡುಗನಿಗೆ ಹೇಳಿ ಕಳಿಸಿದ್ದೆ, ಚೀಲದ ಬಾಯಲ್ಲಿರುವುದನ್ನು ನೋಡಬೇಡ, ನಡುವಿಗೆ ಕೈಹಾಕಿ ತೆಗೆದು ನೋಡು ಎಂದು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಬೀಜ ಗಲಗಲ ಎನ್ನಬೇಕು. ಸದ್ದಿಲ್ಲದೆ ತೊಗಲಿನಂತೆ ಮೆತ್ತಗೆ ಬಾಗಿದರೆ ತೇವ ಹೆಚ್ಚು. ಒಂದೆರಡನ್ನು ಸೀಳಿ ಒಳಗೆ ಬೂದುಬಣ್ಣದ ಬೂಸ್ಟು ಕಂಡರೆ ಆ ಚೀಲವೇ ಬೇಡ.

ಶನಿವಾರ ಇಡೀ ದಿನ ಮಾಳಿಗೆಯ ಮೇಲೆ ಹರಡಿ ಸಂಜೆ ಜಾಲಿಸಿ ತೂಗಿದಾಗ 30 ಕಿಲೋ 600 ಗ್ರಾಂ ಇತ್ತು. ಒಂದು ಕಿಲೋ 400 ಗ್ರಾಂ ಬಿಸಿಲಿಗೂ ಧೂಳಿಗೂ ಹೋಗಿತ್ತು. 32 ಕಿಲೋಗೆ 290ರಂತೆ 9,280 ರೂಪಾಯಿ, ಬಸ್ಸಿನ ಲಗೇಜು ಮತ್ತು ಆಟೋ 320, ಒಟ್ಟು 9,600. ಇದನ್ನು ಕೊಂಡ 32ರಿಂದಲ್ಲ, ಹಂಚುವ 30ರಿಂದ ಭಾಗಿಸಬೇಕು. ಆಗ ಕಿಲೋಗೆ ಸರಿಯಾಗಿ 320. ಮಿಕ್ಕ 600 ಗ್ರಾಂ ಪ್ರತಿ ಮನೆಯ ಚೀಲಕ್ಕೂ ಒಂದೊಂದು ಹಿಡಿ ಕೊಸರಾಗಿ ಹೋಯಿತು.

ಬೇಳೆ ನಮ್ಮೂರ ಮಂಡಿಯದೇ. 50 ಕಿಲೋ ಚೀಲಕ್ಕೆ 5,900, ಗಾಡಿ ಮತ್ತು ಹಮಾಲಿ 100, ಕಿಲೋಗೆ 120 ಬಿತ್ತು. 46 ಹಂಚಿ ಉಳಿದ 4 ಕಿಲೋ ನನ್ನ ಪಾಲು. ಒಂದು ಚೀಲವನ್ನು ಒಂದು, ಎರಡು, ಮೂರು ಕಿಲೋ ಎಂದು ಬಿಡಿಬಿಡಿಯಾಗಿ ತೂಗುವಾಗ ಪ್ರತಿಸಲವೂ ಮುಳ್ಳು ಸ್ವಲ್ಪ ಆಚೆಗೇ ಸರಿಯುತ್ತದೆ, ನಾಲ್ಕು ಕಾಳು ಕೆಳಗೂ ಬೀಳುತ್ತವೆ. ಕೊನೆಗೆ ಚೀಲ ಕೊಡವಿದಾಗ ನನಗೆ ಸಿಕ್ಕಿದ್ದು 3 ಕಿಲೋ 600 ಗ್ರಾಂ. ತರಿಸುವವರ ಪಾಲು ಕೊನೆಗೇ ಇರಬೇಕು, ಬಡಿಸುವವಳು ಕೊನೆಗೆ ಉಣ್ಣುವ ಹಾಗೆ. ತನ್ನ ಪಾಲನ್ನು ಮೊದಲು ತೆಗೆದಿಟ್ಟುಕೊಂಡರೆ, ಕಡಿಮೆ ಬಿದ್ದ ದಿನ ಎಲ್ಲರ ಕಣ್ಣೂ ಆ ಡಬ್ಬದ ಮೇಲೆಯೇ.

ತಕ್ಕಡಿಯನ್ನೂ ಒಮ್ಮೆ ಪರೀಕ್ಷಿಸಿಕೊಳ್ಳಿ. ಒಂದು ಕಿಲೋದ ಹೊಸ ಉಪ್ಪಿನ ಪೊಟ್ಟಣವನ್ನು ಬಿಚ್ಚದೆ ಇಟ್ಟು ನೋಡಿದರೆ ಗೊತ್ತಾಗುತ್ತದೆ. ಪಾತ್ರೆಯಲ್ಲಿ ತೂಗುವುದಾದರೆ ಪಾತ್ರೆಯ ತೂಕ ಕಳೆಯುವುದನ್ನು ಬಂದವರ ಎದುರಿಗೇ ಮಾಡಿ. ಮೊದಲೇ ಕಟ್ಟಿಟ್ಟರೆ ಬೇಗ ಮುಗಿಯುವುದು ನಿಜ, ಆದರೆ ಎದುರಿಗೆ ತೂಗಿದ ಸಾಮಾನಿನ ಮೇಲೆ ಆಮೇಲೆ ಮಾತು ಬರುವುದಿಲ್ಲ.

ಹೀಗೆ ಮಾಡುವಾಗ ನಾಲ್ಕು ಕಾಸು ತಮಗಿರಲಿ ಎಂದು ಕೆಲವರಿಗೆ ಅನ್ನಿಸುವುದುಂಟು. ಓಡಾಟವೂ ಉಂಟಲ್ಲ! ಇಟ್ಟುಕೊಳ್ಳುವುದಾದರೆ ಅದನ್ನೂ ಸಂದೇಶದಲ್ಲೇ ಬರೆಯಬೇಕು. ಆದರೆ ಲಾಭ ಇಟ್ಟುಕೊಂಡು ಮಾರಿದರೆ ಅದು ವ್ಯಾಪಾರ. ಆಹಾರ ಪದಾರ್ಥ ಮಾರುವವರು ಚಿಕ್ಕವರಾದರೂ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕೆಂದು ಕಾನೂನು. ನಾನು ಅಸಲಿಗೆ ಹಂಚುವವಳು, ಆ ತಂಟೆಗೆ ಹೋಗಿಲ್ಲ.

ಭಾನುವಾರ ಮೂರಕ್ಕೆ ಜಗುಲಿಯ ಮೇಲೆ ಚಾಪೆ ಹಾಸಿ ಕೂತೆ. ಡೇರಿ ಮನೆಯವರದು ಮೆಣಸಿನಕಾಯಿ ಎರಡು ಕಿಲೋ, ಬೇಳೆ ಮೂರು ಕಿಲೋ. ಮುಂಗಡ ಕೊಟ್ಟದ್ದು 660 ಮತ್ತು 375, ಒಟ್ಟು 1,035. ಆಗಿದ್ದು 640 ಮತ್ತು 360, ಸರಿಯಾಗಿ ಸಾವಿರ. ಅವರ ಕೈಗೆ 35 ರೂಪಾಯಿ ಇಟ್ಟೆ. ಹಿಂದಿನ ದಿನವೇ ಬ್ಯಾಂಕಿನಿಂದ ಹತ್ತರ, ಐದರ ಚಿಲ್ಲರೆ ತಂದಿಟ್ಟುಕೊಂಡಿದ್ದೆ. ಫೋನಿನಲ್ಲಿ ಹದಿನಾಲ್ಕು ಸಲ ವಾಪಸು ಕಳಿಸುವುದಕ್ಕಿಂತ ಇದೇ ಸಲೀಸು. ನಾಲ್ಕೂಕಾಲರ ಹೊತ್ತಿಗೆ ಹದಿಮೂರು ಮನೆಯವರು ಒಯ್ದಾಗಿತ್ತು. ಟೀಚರಮ್ಮ ಊರಲ್ಲಿರಲಿಲ್ಲ, ಮೊದಲೇ ಬರೆದಿದ್ದಂತೆ ಅವರದನ್ನು ಎದುರುಮನೆಯ ಹುಡುಗಿ ಬಂದು ತೆಗೆದುಕೊಂಡು ಹೋದಳು.

ಅಂದು ರಾತ್ರಿ ಕೊಂಡದ್ದೆಷ್ಟು, ಖರ್ಚೆಷ್ಟು, ಕಿಲೋಗೆ ಎಷ್ಟು ಬಿತ್ತು, ಎಷ್ಟು ವಾಪಸು ಎಂಬ ನಾಲ್ಕು ಸಾಲನ್ನು ಅಂಗಡಿಯ ಎರಡು ಚೀಟಿಗಳ ಫೋಟೋ ಜೊತೆ ಗುಂಪಿಗೆ ಹಾಕಿ, ಮೇಲಿನ ಪಿನ್ ತೆಗೆದೆ. ಕೆಳಗೆ ಟೀಚರಮ್ಮ ಬರೆದಿದ್ದರು: "ಹುಣಸೆಹಣ್ಣಿನ ಟೆಂಡರ್ ಯಾವಾಗ್ರೀ?"